ಗಾಳಿ ದಿನ ಹಾಕಿದ ಸ್ಲ್ಯಾಬು ಮಧ್ಯಾಹ್ನಕ್ಕೇ ಯಾಕೆ ಬಿರುಕು ಬಿಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂದರೆ ಸಾಕು, ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯಿಂದ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಬೆಳಿಗ್ಗೆ ಹಾಕಿದ ಸ್ಲ್ಯಾಬು, ಊಟದ ಹೊತ್ತಿಗೆ ಅದರ ಮೈಮೇಲೆ ಉದ್ದುದ್ದ ಗೆರೆಗಳು. ಮನೆಯವರಿಗೆ ಗಾಬರಿ. ಮೇಸ್ತ್ರಿಗೆ ಬೈಗುಳ. ಸಿಮೆಂಟ್ ಸರಿಯಿಲ್ಲ, ಕಬ್ಬಿಣ ಕಡಿಮೆ ಹಾಕಿದ್ದಾರೆ ಅಂತ ಜಗಳ ಶುರುವಾಗುತ್ತದೆ. ಬಹಳಷ್ಟು ಸಲ ಕಾರಣ ಎರಡೂ ಅಲ್ಲ, ಗಾಳಿ. ಸೈಟ್ ಎಂಜಿನಿಯರ್ ಆಗಿ ನನ್ನನ್ನು ಜನ ಕೇಳಿದ ಪ್ರಶ್ನೆಗಳನ್ನು, ನಾನು ಸ್ಥಳದಲ್ಲಿ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಹಾಕಿದ ದಿನವೇ ಬಿರುಕು ಅಂದರೆ ಹೇಗೆ? ಕಾಂಕ್ರೀಟ್ ಇನ್ನೂ ಗಟ್ಟಿಯೇ ಆಗಿಲ್ಲವಲ್ಲ?

ಗಟ್ಟಿಯಾಗಿಲ್ಲ ಅನ್ನುವುದೇ ಇಲ್ಲಿನ ವಿಷಯ. ಕಾಂಕ್ರೀಟ್ ಹಾಕಿ ಮಟ್ಟ ಮಾಡಿದ ಮೇಲೆ ಜಲ್ಲಿ, ಮರಳು, ಸಿಮೆಂಟ್ ನಿಧಾನಕ್ಕೆ ಕೆಳಗೆ ಕೂರುತ್ತವೆ. ಒಳಗಿನ ಸ್ವಲ್ಪ ನೀರು ಮೇಲಕ್ಕೆ ಬರುತ್ತದೆ. ಹೊಸ ಸ್ಲ್ಯಾಬಿನ ಮೇಲೆ ಕಾಣುವ ಹೊಳಪು ಅದೇ ನೀರಿನದು. ಆ ಹೊಳಪು ಇರುವವರೆಗೆ ಮೇಲ್ಮೈಗೆ ಏನೂ ತೊಂದರೆ ಇಲ್ಲ.

ಗಾಳಿ ಆ ನೀರನ್ನು ಒಯ್ಯುತ್ತಿರುತ್ತದೆ. ಕೆಳಗಿನಿಂದ ಬರುವುದಕ್ಕಿಂತ ಬೇಗ ಒಯ್ದರೆ ಹೊಳಪು ಮಾಯವಾಗುತ್ತದೆ. ಆಮೇಲೆ ಕಣಗಳ ನಡುವಿನ ಸಂದುಗಳಲ್ಲಿರುವ ನೀರು ಕುಗ್ಗುತ್ತಾ ಕಣಗಳನ್ನು ಒಂದಕ್ಕೊಂದು ಎಳೆಯುತ್ತದೆ. ಮೇಲಿನ ಪದರ ಕುಗ್ಗಲು ನೋಡುತ್ತದೆ, ಕೆಳಗಿನ ಪದರ ಕುಗ್ಗಿರುವುದಿಲ್ಲ. ಆ ಹೊತ್ತಿನಲ್ಲಿ ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಮೇಲ್ಮೈ ಹರಿಯುತ್ತದೆ. ಕೆರೆ ಅಂಗಳದ ಕೆಸರು ಒಣಗಿ ಸೀಳುವುದನ್ನು ನೋಡಿದ್ದೀರಲ್ಲ, ಇದೂ ಅದೇ ಕೆಲಸ. ಒಂದೇ ವ್ಯತ್ಯಾಸ, ಅಲ್ಲಿ ವಾರ ಬೇಕು, ಇಲ್ಲಿ ಗಂಟೆ ಸಾಕು.

ಇದಕ್ಕೆ ಎಂಜಿನಿಯರುಗಳು ಪ್ಲಾಸ್ಟಿಕ್ ಶ್ರಿಂಕೇಜ್ ಬಿರುಕು ಅನ್ನುತ್ತಾರೆ. ನಾವು ದಿನಾ ಬಳಸುವ ಪ್ಲಾಸ್ಟಿಕ್‌ಗೂ ಇದಕ್ಕೂ ಸಂಬಂಧವಿಲ್ಲ. ಕಾಂಕ್ರೀಟ್ ಇನ್ನೂ ಹಸಿ ಹಿಟ್ಟಿನಂತೆ ಮೆತ್ತಗಿರುವ ಸ್ಥಿತಿಗೆ ಆ ಹೆಸರು.

ಅವತ್ತು ಬಿಸಿಲೇ ಇರಲಿಲ್ಲ, ಮೋಡ ಇತ್ತು. ಆದರೂ ಬಿರುಕು ಬಂತಲ್ಲ?

ನಮ್ಮ ಭಾಗದಲ್ಲಿ ಜನ ಮೋಸ ಹೋಗುವುದೇ ಇಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಬಿಸಿಲಿನ ಭಯ ಇರುತ್ತದೆ. ನೀರು ಹೊಡೆಯುತ್ತಾರೆ, ಗೋಣಿಚೀಲ ಹೊದಿಸುತ್ತಾರೆ. ಜೂನ್‌ನಲ್ಲಿ ಮೋಡ ಬಂದ ಕೂಡಲೇ ಹುಷಾರು ತಪ್ಪುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆ ಸುರಿಸಿದ ಮುಂಗಾರು ಗಾಳಿ ನಮ್ಮ ಕಡೆ ಬರುವಾಗ ಬರೀ ಗಾಳಿಯಾಗಿ ಬರುತ್ತದೆ. ಮಳೆ ಇಲ್ಲ, ಬೀಸುವುದು ಮಾತ್ರ ನಿಲ್ಲುವುದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೊಪ್ಪಳದ ಹೊರಗೆ, ಸುತ್ತ ಬಯಲಿರುವ ಒಂದು ಹೊಸ ಲೇಔಟ್. 30 ಅಡಿಗೆ 30 ಅಡಿ ಮನೆ, 5 ಇಂಚಿನ ಸ್ಲ್ಯಾಬು. ಜೂನ್ ಮೂರನೇ ವಾರ. ಬೆಳಿಗ್ಗೆ 6ಕ್ಕೆ ಶುರು ಮಾಡಬೇಕಿದ್ದ ಕೆಲಸ, ಮಾಲು ಮೇಲೆತ್ತುವ ಲಿಫ್ಟ್ ಬರುವುದು ತಡವಾಗಿ 9.30ಕ್ಕೆ ಶುರುವಾಯಿತು. "ಸರ, ಮೋಡ ಐತ್ರಿ, ಬಿಸಿಲಿನ ಚಿಂತಿ ಇಲ್ಲ, ಹಾಕಿಬಿಡೋಣ್ರಿ" ಅಂದರು ಮೇಸ್ತ್ರಿ. ನಾನೂ ಒಪ್ಪಿದೆ. ಆ ತಪ್ಪು ನನ್ನದು. 12 ಗಂಟೆ ದಾಟುವಷ್ಟರಲ್ಲಿ, ಮೊದಲು ಹಾಕಿದ ಮೂಲೆಯಲ್ಲಿ ಎರಡು ಅಡಿಗೊಂದರಂತೆ ಏಳು ಗೆರೆ ಬಿದ್ದಿದ್ದವು.

ಅವತ್ತು ಅಳೆದದ್ದು ಇಷ್ಟು. ಗಾಳಿಯ ಉಷ್ಣತೆ 34 ಡಿಗ್ರಿ, ತೇವಾಂಶ ನೂರಕ್ಕೆ 40, ಸ್ಲ್ಯಾಬಿನ ಹತ್ತಿರ ಗಾಳಿಯ ವೇಗ ಗಂಟೆಗೆ 25 ಕಿಲೋಮೀಟರ್. ಕಾಂಕ್ರೀಟ್ 35 ಡಿಗ್ರಿ ಇತ್ತು, ಯಾಕೆಂದರೆ ನೀರು ಬಯಲಲ್ಲಿಟ್ಟ ಕಪ್ಪು ಟ್ಯಾಂಕಿನದು, ಜಲ್ಲಿಯೂ ಒಣಗಿ ಬೆಚ್ಚಗಿತ್ತು. ಎಷ್ಟು ನೀರು ಆರುತ್ತದೆ ಅಂತ ಲೆಕ್ಕ ಹಾಕಲು ಒಂದು ಸೂತ್ರ ಇದೆ:

```
E = 5 × [(Tc + 18)^2.5 − r × (Ta + 18)^2.5] × (V + 4) × 10^-6
```

ಇಲ್ಲಿ `Tc` ಕಾಂಕ್ರೀಟಿನ ಉಷ್ಣತೆ, `Ta` ಗಾಳಿಯ ಉಷ್ಣತೆ, `r` ತೇವಾಂಶ (ನೂರಕ್ಕೆ 40 ಅಂದರೆ 0.40), `V` ಗಂಟೆಗೆ ಎಷ್ಟು ಕಿಲೋಮೀಟರ್ ಗಾಳಿ ಅನ್ನುವುದು. ಉತ್ತರ `E`, ಒಂದು ಚದರ ಮೀಟರಿನಿಂದ ಒಂದು ಗಂಟೆಗೆ ಎಷ್ಟು ಕಿಲೋ ನೀರು ಹೋಗುತ್ತದೆ ಅಂತ ಹೇಳುತ್ತದೆ. ಅವತ್ತಿನ ಅಂಕಿ ಹಾಕಿದರೆ 1.8 ಬರುತ್ತದೆ. 1 ದಾಟಿದರೆ ಬಿರುಕಿನ ಅಪಾಯ ಖಂಡಿತ ಅಂತ ಎಣಿಸಿ ಕೆಲಸ ಮಾಡಬೇಕು. 0.5 ದಾಟಿದರೇ ನಾನು ಎಚ್ಚರ ವಹಿಸುತ್ತೇನೆ.

900 ಚದರ ಅಡಿಯ ಆ ಸ್ಲ್ಯಾಬಿಗೆ ಇದನ್ನು ಹರಡಿ ನೋಡಿ. ಪೂರ್ತಿ ಹಾಕಿದ ಮೇಲೆ ಗಂಟೆಗೆ ಸುಮಾರು 150 ಲೀಟರ್ ನೀರು ಗಾಳಿಗೆ ಹೋಗುವ ಲೆಕ್ಕ ಅದು. ಮುಕ್ಕಾಲು ಡ್ರಮ್ಮು!

ಈಗ ಅದೇ ಲೆಕ್ಕದಲ್ಲಿ ಗಾಳಿಯೊಂದನ್ನೇ 25ರಿಂದ 8ಕ್ಕೆ ಇಳಿಸಿ. ಉತ್ತರ 0.76ಕ್ಕೆ ಬೀಳುತ್ತದೆ. ಜೊತೆಗೆ ಕಾಂಕ್ರೀಟನ್ನು 30 ಡಿಗ್ರಿಗೆ ತಂದರೆ 0.5ಕ್ಕಿಂತ ಒಂದು ಕೂದಲು ಕಡಿಮೆ. ಗಾಳಿಯನ್ನು ಹಾಗೇ ಬಿಟ್ಟು ಕಾಂಕ್ರೀಟ್ ಮಾತ್ರ ತಣ್ಣಗೆ ಮಾಡಿದರೆ 1.2ರಲ್ಲೇ ನಿಲ್ಲುತ್ತದೆ, ಅಂದರೆ ಅಪಾಯ ತಪ್ಪಲಿಲ್ಲ. ಅವತ್ತು ರಾತ್ರಿ ಈ ಲೆಕ್ಕ ಹಾಕಿದ ಮೇಲೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಮೊದಲು ಗಾಳಿ ತಡೆ, ಆಮೇಲೆ ಉಳಿದದ್ದು.

ಅಳೆಯುವ ಯಂತ್ರ ನಮ್ಮ ಹತ್ತಿರ ಇಲ್ಲ. ಇವತ್ತು ಗಾಳಿ ಜಾಸ್ತಿ ಅಂತ ಹೇಗೆ ತಿಳಿಯುವುದು?

ಕಣ್ಣಿಗೇ ತಿಳಿಯುತ್ತದೆ. ಬೇವಿನ ಎಲೆ, ಸಣ್ಣ ಕಡ್ಡಿ ಸುಮ್ನೆ ಅಲ್ಲಾಡುತ್ತಲೇ ಇದ್ದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್. ನೆಲದ ಧೂಳು ಎದ್ದು, ಖಾಲಿ ಸಿಮೆಂಟ್ ಚೀಲ ಹಾರಾಡಿದರೆ 20ರಿಂದ 28. ಸಣ್ಣ ಗಿಡಗಳೇ ತೂಗಾಡಿದರೆ 29ರ ಮೇಲೆ. ಧೂಳು ಏಳುವ ದಿನ ತಡೆ ಕಟ್ಟದೆ ಸ್ಲ್ಯಾಬು ಹಾಕಬೇಡಿ.

ಫೋನಿನಲ್ಲಿ ತೋರಿಸುವ ಗಾಳಿಯ ವೇಗ ನೆಲದಿಂದ 10 ಮೀಟರ್ ಎತ್ತರದ್ದು. ಮೇಲಿನ ಸೂತ್ರಕ್ಕೆ ಬೇಕಾದದ್ದು ಸ್ಲ್ಯಾಬಿನ ಮೇಲ್ಮೈಯಿಂದ ಅರ್ಧ ಮೀಟರ್ ಮೇಲಿನದು. ಊರೊಳಗೆ ನಾಲ್ಕೂ ಕಡೆ ಮನೆಗಳಿದ್ದರೆ ಅದು ಬಹಳ ಕಡಿಮೆ ಇರುತ್ತದೆ. ಹೊಲದ ಬದಿಯ ಲೇಔಟ್‌ನಲ್ಲಿ, ಅದರಲ್ಲೂ ಎರಡನೇ ಮಹಡಿ ಮೇಲೆ, ಗಾಳಿ ನೇರವಾಗಿ ಬಡಿಯುತ್ತದೆ. ಒಂದೇ ಊರು, ಒಂದೇ ದಿನ, ಒಬ್ಬರ ಸ್ಲ್ಯಾಬು ಸೀಳಿ ಇನ್ನೊಬ್ಬರದು ಚೆನ್ನಾಗಿರುವುದು ಇದಕ್ಕೇ.

ಸ್ಲ್ಯಾಬಿನ ಮೇಲೆ ಇನ್ನೊಂದು ಗುರುತು ಇದೆ. ಮಟ್ಟ ಮಾಡಿದ ಮೇಲೆ ಹೊಳಪು ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಹಿಂದೆ ಹಿಂದೆಯೇ ಮೈ ಮಸುಕಾಗುತ್ತಾ ಬಂದರೆ ನೀರು ಸೋಲುತ್ತಿದೆ ಅಂತ ಅರ್ಥ. ಬಿರುಕು ಕಾಣುವ ಮೊದಲು ಸಿಗುವ ಎಚ್ಚರಿಕೆ ಅದೊಂದೇ.

ಇದು ಗಾಳಿಯ ಬಿರುಕೋ, ಬೇರೆ ಯಾವುದೋ? ನೋಡಿ ಹೇಳಬಹುದಾ?

ಹೆಚ್ಚಿನ ಸಲ ಹೇಳಬಹುದು. ಗಾಳಿಯ ಬಿರುಕು ಹಾಕಿದ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಒಂದರಿಂದ ಮೂರು ಅಡಿ ಅಂತರದಲ್ಲಿ, ಹೆಚ್ಚು ಕಡಿಮೆ ಒಂದಕ್ಕೊಂದು ಸಮಾನಾಂತರವಾಗಿ, ಹಲವು ಸಲ ಓರೆಯಾಗಿ ಇರುತ್ತದೆ. ಸ್ಲ್ಯಾಬಿನ ಅಂಚು ಮುಟ್ಟುವ ಮೊದಲೇ ನಿಂತುಹೋಗುವುದು ಸಾಮಾನ್ಯ, ಯಾಕೆಂದರೆ ಅಂಚಿನ ಕಾಂಕ್ರೀಟಿಗೆ ಕುಗ್ಗಲು ಸ್ವಲ್ಪ ಸಡಿಲ ಇರುತ್ತದೆ. ಮೇಲೆ ಅಗಲ, ಕೆಳಗೆ ಹೋದಂತೆ ಸಣ್ಣ.

ಇದರ ಜೊತೆ ಕಲೆಸಿಹೋಗುವ ಇನ್ನೊಂದಿದೆ, ಕೂರುವ ಬಿರುಕು. ಕಾಂಕ್ರೀಟ್ ಕೆಳಗೆ ಕೂರುವಾಗ ಕಬ್ಬಿಣದ ಸರಳು ಅಡ್ಡ ಬಂದು, ಸರಳಿನ ನೇರಕ್ಕೇ ಮೇಲೆ ಸೀಳು ಬೀಳುತ್ತದೆ. ಗೆರೆಗಳು ಸರಳು ಕಟ್ಟಿದ ಅಂತರದಲ್ಲೇ, ನೇರವಾಗಿ ಓಡಿದರೆ ಅದು ಕೂರುವ ಬಿರುಕು. ಕಾರಣ ಗಾಳಿಯಲ್ಲ. ನೀರು ಜಾಸ್ತಿಯಾದ ಮಾಲು, ವೈಬ್ರೇಟರ್ ಸರಿಯಾಗಿ ಹಿಡಿಯದಿರುವುದು, ಸರಳಿನ ಮೇಲೆ ಕಾಂಕ್ರೀಟ್ ತೆಳುವಾಗಿರುವುದು. ತಿಂಗಳುಗಳಾದ ಮೇಲೆ ಬರುವ ಬಿರುಕಿನ ಕಥೆಯೇ ಬೇರೆ, ಅದಕ್ಕೆ ಈ ಪುಟದ ಉಪಾಯ ಹೊಂದುವುದಿಲ್ಲ.

ಗಾಳಿ ತಡೆ ಕಟ್ಟುವುದು ಹೇಗೆ? ಖರ್ಚು ಜಾಸ್ತಿ ಆಗುವುದಿಲ್ಲವಾ?

ಸಸಿಮಡಿಗೆ, ತೋಟಕ್ಕೆ ಕಟ್ಟುವ ಶೇಡ್ ನೆಟ್ ಸಾಕು. ಒಮ್ಮೆ ಕೊಂಡರೆ ಹಲವು ಸ್ಲ್ಯಾಬಿಗೆ ಬರುತ್ತದೆ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸುತ್ತದೆ, ಹಾಗಾಗಿ ಆ ಎರಡು ಬದಿಗೆ ಕಟ್ಟಿದರೆ ಮುಖ್ಯ ಕೆಲಸ ಆದಂತೆ. ಎತ್ತರ ಸ್ಲ್ಯಾಬಿನ ಮಟ್ಟದಿಂದ ಆರಡಿಗೆ ಕಡಿಮೆ ಬೇಡ. ತಡೆಯ ಎತ್ತರದ ಐದು ಪಟ್ಟು ದೂರದವರೆಗೂ ಒಳ್ಳೆಯ ಆಸರೆ ಸಿಗುತ್ತದೆ, ಅಂದರೆ 30 ಅಡಿ ಮನೆಗೆ ಆರಡಿ ಪರದೆ ಸರಿಹೋಗುತ್ತದೆ. ಅದಕ್ಕಿಂತ ಅಗಲದ ಸ್ಲ್ಯಾಬಾದರೆ ಪರದೆ ಎತ್ತರಿಸಿ, ಇಲ್ಲವೇ ಭಾಗ ಮಾಡಿ ಹಾಕಿ.

ತಾಡಪತ್ರಿ ಕಟ್ಟಬಹುದಲ್ಲ ಅಂತ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಪೂರ್ತಿ ಮುಚ್ಚಿದ ಪರದೆ ಗಾಳಿಯ ಹೊಡೆತವನ್ನೆಲ್ಲಾ ತಾನೇ ತಿನ್ನುತ್ತದೆ, ಕಂಬ ಕೀಳುತ್ತದೆ, ಮೇಲಿಂದ ಹಾರಿದ ಗಾಳಿ ಸ್ವಲ್ಪ ದೂರದಲ್ಲಿ ಸುಳಿಯಾಗಿ ಕೆಳಗಿಳಿಯುತ್ತದೆ. ರಂಧ್ರವಿರುವ ನೆಟ್ ಗಾಳಿಯನ್ನು ನಿಧಾನ ಮಾಡಿ ಒಳಗೆ ಬಿಡುತ್ತದೆ. ನೆಟ್‌ನ ಕಂಬಗಳನ್ನು ಸೆಂಟ್ರಿಂಗಿನ ಆಸರೆ ಕಂಬಗಳಿಗೆ ಯಾವ ಕಾರಣಕ್ಕೂ ಕಟ್ಟಬೇಡಿ. ಹಸಿ ಸ್ಲ್ಯಾಬಿನ ಭಾರ ಹೊತ್ತ ಕಂಬವನ್ನು ಗಾಳಿ ಅಲುಗಾಡಿಸುವುದು ಜೀವಕ್ಕೇ ಅಪಾಯ. ಹೊರಗೆ ಬೇರೆ ಬಿದಿರು ನೆಟ್ಟು, ಹಗ್ಗ ಎಳೆದು ಕಟ್ಟಿ.

ಯಾವ ಹೊತ್ತಿನಲ್ಲಿ ಹಾಕುವುದು ಒಳ್ಳೆಯದು?

ಎಲ್ಲರೂ ಬೆಳಿಗ್ಗೆ ಬೇಗ ಅನ್ನುತ್ತಾರೆ. ಬೆಳಿಗ್ಗೆ 5.30ಕ್ಕೆ ಗಾಳಿ ಸಣ್ಣಗಿರುತ್ತದೆ, ನಿಜ. ಆದರೆ ಹಾಕಿದ ಕ್ಷಣಕ್ಕೆ ಅಪಾಯ ಇಲ್ಲ, ಹಾಕಿದ ಮೇಲಿನ ಮೂರು ನಾಲ್ಕು ಗಂಟೆಗೆ ಅಪಾಯ. 10.30ಕ್ಕೆ ಮುಗಿಸಿದ ಕೊನೆಯ ಭಾಗ 2 ಗಂಟೆಯವರೆಗೂ ಹಸಿ ಇರುತ್ತದೆ, ಅಂದರೆ ಗಾಳಿ ಜೋರಾಗುವ ಹೊತ್ತಿಗೆ ಸರಿಯಾಗಿ ಸಿಕ್ಕಿಬೀಳುತ್ತದೆ.

ಸಂಜೆ ಶುರು ಮಾಡಿದರೆ ಇದು ತಿರುವುಮುರುವು. ಹೊತ್ತು ಹೋದಂತೆ ಉಷ್ಣತೆ ಇಳಿಯುತ್ತದೆ, ತೇವ ಏರುತ್ತದೆ, ಗಾಳಿ ಕುಸಿಯುತ್ತದೆ. ಕಾಂಕ್ರೀಟ್ 29 ಡಿಗ್ರಿ, ಗಾಳಿ 27 ಡಿಗ್ರಿ, ತೇವ 65, ವೇಗ 15 ಅಂತ ಸೂತ್ರಕ್ಕೆ ಹಾಕಿ ನೋಡಿ, 0.6 ಬರುತ್ತದೆ. ಚಿಕ್ಕ ಮನೆಯಾಗಿ, ಸ್ಲ್ಯಾಬಿನ ಅಂಚಿನವರೆಗೂ ಒಳ್ಳೆಯ ಬೆಳಕಿನ ವ್ಯವಸ್ಥೆ ಇದ್ದರೆ ಸಂಜೆ 4ಕ್ಕೆ ಶುರು ಮಾಡುವುದೇ ನನಗೆ ಇಷ್ಟ. ಬೆಳಕು ಸಾಲದಿದ್ದರೆ ಬೇಡ, ಆಳುಗಳು ಬೀಳುತ್ತಾರೆ. ಆಗ ಬೆಳಗಿನ ಜಾವವೇ ಇರಲಿ, ನೆಟ್ ಕಟ್ಟಿಕೊಂಡು.

ಹಿಂದಿನ ದಿನ ಜಲ್ಲಿಗೆ ನೀರು ಚಿಮುಕಿಸಿ, ನೀರಿನ ಡ್ರಮ್ಮನ್ನು ನೆರಳಲ್ಲಿಟ್ಟು ಒದ್ದೆ ಗೋಣಿ ಸುತ್ತಿ. ಜಲ್ಲಿ ಎರಡು ಡಿಗ್ರಿ ತಣ್ಣಗಾದರೆ ಕಾಂಕ್ರೀಟ್ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಜಲ್ಲಿ ಹೀರಿಕೊಂಡ ನೀರಿನ ಮೇಲೆ ಇನ್ನೂ ಹನಿಯುತ್ತಿದ್ದರೆ ಅಷ್ಟು ನೀರನ್ನು ಮಿಕ್ಸರ್‌ನಲ್ಲಿ ಕಡಿಮೆ ಮಾಡಬೇಕು. ಕಬ್ಬಿಣದ ಶೀಟಿನ ಸೆಂಟ್ರಿಂಗ್ ಕಾದಿದ್ದರೆ ಹಾಕುವ ಮೊದಲು ನೀರು ಹೊಡೆದು ತಣ್ಣಗೆ ಮಾಡಿ, ನೀರು ನಿಲ್ಲದಂತೆ ನೋಡಿ.

ಸಂಜೆ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ. ಅದು ಸಾಲದಾ?

ಸಾಲದು. ಅದು ಶಕ್ತಿ ಬರಲು ಬೇಕಾದ ಕ್ಯೂರಿಂಗ್, ಬೇಕೇ ಬೇಕು. ಆದರೆ ಈ ಬಿರುಕು ಬರುವುದು ಅದಕ್ಕಿಂತ ಮೊದಲು. ಮಟ್ಟ ಮಾಡಿದ ಹೊತ್ತಿನಿಂದ ಬೆರಳಿಗೆ ಗಟ್ಟಿ ಸಿಗುವವರೆಗಿನ ಖಾಲಿ ಸಮಯವನ್ನು ತುಂಬಬೇಕು.

ನಾನು ಮಾಡಿಸುವುದು ಹೀಗೆ. ಸುಮಾರು ನೂರು ಚದರ ಅಡಿ ಮಟ್ಟ ಆಗುತ್ತಿದ್ದಂತೆ ಒಬ್ಬ ಆಳು ಬೆನ್ನಿಗೆ ಹಾಕುವ ಸ್ಪ್ರೇ ಪಂಪು ಹಿಡಿದು ನಿಲ್ಲುತ್ತಾನೆ. ಹತ್ತಿಗೆ, ಮೆಣಸಿನಕಾಯಿಗೆ ಔಷಧಿ ಹೊಡೆಯುತ್ತಾರಲ್ಲ, ಅದೇ ಪಂಪು. ಔಷಧಿ ಹಾಕಿದ ಹಳೆಯದು ಬೇಡ, ಹೊಸದೇ ಇರಲಿ. ನಾಜಲ್ ಅತಿ ಸಣ್ಣ ಹನಿಗೆ ತಿರುಗಿಸಿ, ಸ್ಲ್ಯಾಬಿನ ಮೇಲೆ ಗಾಳಿಯಲ್ಲಿ ಮಂಜಿನ ಹಾಗೆ ಹೊಡೆಯಬೇಕು. ಕಾಂಕ್ರೀಟಿಗೆ ಗುರಿ ಇಟ್ಟು ಹೊಡೆಯಬಾರದು. ಹೊಳಪು ಉಳಿಯಬೇಕು, ನೀರು ಕೂಡಿ ನಿಲ್ಲಬಾರದು. ಪೈಪಿನಿಂದ ನೀರು ಬಿಟ್ಟರೆ ಸಿಮೆಂಟ್ ಹಾಲು ತೊಳೆದು ಹೋಗಿ ಮೇಲ್ಮೈ ಪುಡಿ ಉದುರುತ್ತದೆ.

ಉಜ್ಜುವ ಕೆಲಸ ಮುಗಿದ ಭಾಗದ ಮೇಲೆ ತಕ್ಷಣ ಪ್ಲಾಸ್ಟಿಕ್ ಹಾಳೆ ಹಾಸಿ. ಅಂಚಿಗೆಲ್ಲಾ ಹಲಗೆ ಇಟ್ಟು ಒತ್ತಬೇಕು. ಸಡಿಲ ಬಿಟ್ಟರೆ ಹಾಳೆಯ ಕೆಳಗೆ ಗಾಳಿ ನುಗ್ಗಿ ಸುರಂಗದ ಹಾಗೆ ಓಡುತ್ತದೆ. ಅದು ತೆರೆದಿಟ್ಟದ್ದಕ್ಕಿಂತ ಕೆಟ್ಟದ್ದು. ಆಮೇಲೆ ನಡೆದಾಡುವಷ್ಟು ಗಟ್ಟಿಯಾದಾಗ ಹಾಳೆ ತೆಗೆದು ಒದ್ದೆ ಗೋಣಿ, ಮರುದಿನ ಕಟ್ಟೆ ನೀರು. ನಮ್ಮ ಒಣ ಹವೆಗೆ ಹತ್ತು ದಿನಕ್ಕಿಂತ ಕಡಿಮೆ ಬೇಡ. ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟಾದರೆ ಹದಿನಾಲ್ಕು ದಿನ.

ನೀರು ಆರುತ್ತದೆ ಅಂದಮೇಲೆ ಮೊದಲೇ ಎರಡು ಬಕೆಟ್ ಜಾಸ್ತಿ ಹಾಕಿದರೆ?

ಬೇಡ, ದಯವಿಟ್ಟು ಬೇಡ. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕಿಲೋ ಸಿಮೆಂಟ್ ಚೀಲಕ್ಕೆ ಒಟ್ಟು ನೀರು 27 ಲೀಟರ್ ಆಸುಪಾಸು. ಅದನ್ನು ದಾಟಿದಷ್ಟೂ ಸ್ಲ್ಯಾಬಿನ ಶಕ್ತಿ ಇಳಿಯುತ್ತದೆ, ಮುಂದೆ ಒಣಗುವಾಗ ಕುಗ್ಗುವುದು ಹೆಚ್ಚುತ್ತದೆ, ಮೇಲೆ ಹೇಳಿದ ಕೂರುವ ಬಿರುಕೂ ಬರುತ್ತದೆ.

ಇದಕ್ಕೆ ಉಲ್ಟಾ ಇನ್ನೊಂದು ಅಭ್ಯಾಸ, ಉಜ್ಜುವಾಗ ಒಣ ಸಿಮೆಂಟ್ ಉದುರಿಸುವುದು. ಅದು ಮೇಲ್ಮೈಯ ಉಳಿದ ನೀರನ್ನೂ ಹೀರುತ್ತದೆ. ಗಾಳಿ ಮಾಡುವ ಕೆಲಸಕ್ಕೆ ನಾವೇ ಕೈ ಜೋಡಿಸಿದ ಹಾಗೆ. ಮೇಲೊಂದು ತೆಳು ಪದರ ಕಟ್ಟಿ, ಮುಂದೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಸಿಮೆಂಟ್ ಯಾವುದಾದರೆ ಒಳ್ಳೆಯದು? ನೂಲು ಹಾಕಿ ಅನ್ನುತ್ತಾರಲ್ಲ?

ನಮ್ಮಲ್ಲೇ ಶಕ್ತಿನಗರದ ವಿದ್ಯುತ್ ಕೇಂದ್ರದಿಂದ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಸ್ಲ್ಯಾಗ್ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪಿಪಿಸಿಯಲ್ಲಿ ಹಾರುಬೂದಿ, ಸ್ಲ್ಯಾಗ್ ಸಿಮೆಂಟಿನಲ್ಲಿ ಸ್ಲ್ಯಾಗ್ ಇರುತ್ತದೆ. ಎರಡೂ ಒಳ್ಳೆಯ ಸಿಮೆಂಟ್. ಆದರೆ ನಿಧಾನಕ್ಕೆ ಗಟ್ಟಿಯಾಗುತ್ತವೆ, ಅಂದರೆ ಗಾಳಿಗೆ ಸಿಕ್ಕುವ ಹೊತ್ತು ಜಾಸ್ತಿ. ಸಿಮೆಂಟ್ ಬದಲಿಸಬೇಕಿಲ್ಲ, ಕಾವಲು ಒಂದು ಗಂಟೆ ಹೆಚ್ಚು ಇರಲಿ.

ನೂಲು ಅಂದರೆ 12 ಮಿಲಿಮೀಟರ್ ಉದ್ದದ ಪಾಲಿಪ್ರೊಪಿಲೀನ್ ಎಳೆ. ಚೀಲಕ್ಕೆ ಸುಮಾರು 100ರಿಂದ 125 ಗ್ರಾಂ. ಹಸಿ ಕಾಂಕ್ರೀಟನ್ನು ಹಿಡಿದಿಟ್ಟು ಬಿರುಕನ್ನು ಕಡಿಮೆ ಮಾಡುತ್ತದೆ, ನಾನು ಬಯಲು ಸೈಟಿಗೆ ಹಾಕಿಸುತ್ತೇನೆ. ಇದಕ್ಕಾಗಿ ಕಬ್ಬಿಣ ಕಡಿಮೆ ಮಾಡುವ ಹಾಗಿಲ್ಲ. ಮಿಕ್ಸರ್‌ನಲ್ಲಿ ಚೆನ್ನಾಗಿ ಬಿಡಿಸಿಕೊಳ್ಳುವವರೆಗೆ ತಿರುಗಿಸಬೇಕು, ಇಲ್ಲದಿದ್ದರೆ ಉಂಡೆ ಕಟ್ಟುತ್ತದೆ. ಮಾಲು ಬಿಗಿಯಾದಂತೆ ಕಾಣುತ್ತದೆ, ಅದಕ್ಕೆ ಮೇಸ್ತ್ರಿ ನೀರು ಸೇರಿಸದಂತೆ ಪಕ್ಕದಲ್ಲೇ ನಿಲ್ಲಿ.

ಇಷ್ಟೆಲ್ಲಾ ಮಾಡಿಯೂ ಬಿರುಕು ಕಂಡಿತು. ಆಗ ತಕ್ಷಣ ಏನು ಮಾಡಬೇಕು?

ಹೆಬ್ಬೆರಳು ಒತ್ತಿ ನೋಡಿ. ಅಚ್ಚು ಬಿದ್ದರೆ ಇನ್ನೂ ಸಮಯವಿದೆ. ಚಾಲೂ ಇರುವ ವೈಬ್ರೇಟರ್ ಸೂಜಿ ತನ್ನ ಭಾರಕ್ಕೇ ಒಳಗಿಳಿದರೆ ಬಿರುಕಿನ ಸುತ್ತ ಇನ್ನೊಮ್ಮೆ ಆಡಿಸಿ, ಕಾಂಕ್ರೀಟ್ ಮತ್ತೆ ಬೆಸೆಯುತ್ತದೆ. ಸೂಜಿ ಇಳಿಯದಷ್ಟು ಬಿಗಿಯಾಗಿದ್ದು ಹೆಬ್ಬೆರಳು ಮಾತ್ರ ಒತ್ತುತ್ತಿದ್ದರೆ, ಮರದ ಉಜ್ಜುಹಲಗೆಯಿಂದ ಬಿರುಕಿನ ಎರಡೂ ಬದಿ ಬಲವಾಗಿ ಬಡಿದು ಕೂಡಿಸಿ. ನಂತರ ಮಂಜು ಹೊಡೆದು ಹಾಳೆ ಮುಚ್ಚಿ. ಮುಚ್ಚದೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಅಲ್ಲೇ ಮತ್ತೆ ಬಾಯಿ ಬಿಡುತ್ತದೆ.

ಕರಣಿಯಿಂದ ಮೇಲೆ ಗಾರೆ ಸವರಿ ಮರೆಮಾಡಬೇಡಿ. ಕಣ್ಣಿಗೆ ಬಿರುಕು ಹೋಗುತ್ತದೆ, ಒಳಗೆ ಹಾಗೇ ಇರುತ್ತದೆ. ಮೊದಲ ಮಳೆಗೆ ಗೊತ್ತಾಗುತ್ತದೆ. ಕೊಪ್ಪಳದ ಆ ಮನೆಯಲ್ಲಿ ಏಳು ಗೆರೆಗಳಲ್ಲಿ ಐದನ್ನು ನಾವು ಬಡಿದು ಕೂಡಿಸಿದೆವು. ಎರಡು ಅಷ್ಟರಲ್ಲಿ ಬಿಗಿದುಬಿಟ್ಟಿದ್ದವು.

ಗಟ್ಟಿಯಾದ ಮೇಲೆ ಉಳಿದ ಬಿರುಕಿಗೆ? ಸ್ಲ್ಯಾಬು ಒಡೆದು ಹಾಕಬೇಕಾ?

ಸಾಮಾನ್ಯವಾಗಿ ಬೇಡ. ಸ್ಲ್ಯಾಬು ಬೀಳುವ ಬಿರುಕು ಇದಲ್ಲ. ಚಿಂತೆ ಇರುವುದು ಸೋರುವುದರದ್ದು. ನೀರು ಒಳಗಿಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬಿನಲ್ಲಿ ಕೆಲವು ಬಿರುಕು ಪೂರ್ತಿ ಆರಪಾರ ಹೋಗಿರಬಹುದು.

ಕ್ಯೂರಿಂಗಿಗೆ ನಿಲ್ಲಿಸಿದ ನೀರೇ ಪರೀಕ್ಷೆ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಮತ್ತೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನಿಂದ ನೋಡಿ. ಒದ್ದೆ ಗೆರೆ ಮೂಡಿದ ಕಡೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಒದ್ದೆಯಾಗದ ಸಣ್ಣ ಬಿರುಕಿಗೆ ಪಾಲಿಮರ್ ಬೆರೆಸಿದ ಸಿಮೆಂಟ್ ಹಾಲನ್ನು ಬ್ರಷ್‌ನಿಂದ ತುಂಬಿ, ಮೇಲೆ ವಾಟರ್‌ಪ್ರೂಫಿಂಗ್ ಮಾಡಿದರೆ ಸಾಕಾಗುತ್ತದೆ. ಆರಪಾರ ಹೋದದ್ದಕ್ಕೆ ಚೆನ್ನಾಗಿ ಒಣಗಿಸಿ ತೆಳುವಾದ ಎಪಾಕ್ಸಿ ತುಂಬಿಸಬೇಕು, ಅದು ಆ ಕೆಲಸ ತಿಳಿದವರು ಮಾಡುವಂಥದ್ದು. ಬಿರುಕು ತೊಲೆಯ ಪಕ್ಕದಲ್ಲಿ ಓಡಿದ್ದರೆ, ಅಥವಾ ವಾರ ಕಳೆದಂತೆ ಅಗಲ ಆಗುತ್ತಿದ್ದರೆ ಅದು ಗಾಳಿಯದಲ್ಲ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಕೊಪ್ಪಳದ ಮನೆಯಲ್ಲಿ ಉಳಿದ ಎರಡು ಗೆರೆಗಳಲ್ಲಿ ಒಂದು ಕೆಳಗೆ ಒದ್ದೆ ತೋರಿಸಿತು. ಎಪಾಕ್ಸಿ ತುಂಬಿಸಿದೆವು. ಮುಂದಿನ ವರ್ಷ ಅದೇ ಮನೆಯ ಮೇಲ್ಮಹಡಿ ಸ್ಲ್ಯಾಬು ಹಾಕುವಾಗ, ನಾನು ಹೇಳುವ ಮೊದಲೇ ಮೇಸ್ತ್ರಿ ಪಡುವಣ ಬದಿಗೆ ಬಿದಿರು ನೆಟ್ಟು ಹಸಿರು ನೆಟ್ ಎಳೆದು ಕಟ್ಟಿಸಿದ್ದರು. ಅವತ್ತೂ ಧೂಳು ಏಳುವ ಗಾಳಿಯೇ ಇತ್ತು. ರಾತ್ರಿ 9ಕ್ಕೆ ಟಾರ್ಚ್ ಹಿಡಿದು ಇಬ್ಬರೂ ಮೂಲೆ ಮೂಲೆ ನೋಡಿದೆವು, ಒಂದು ಗೆರೆಯೂ ಇರಲಿಲ್ಲ.